ಒಂದು ವ್ಯಾಟಿಗೆ ಎಷ್ಟು ಗ್ರಾಂ?

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಡ್ರೋನಿನ ಮೋಟರ್ ಕೇಳಿದರೆ ಅಂಗಡಿಯವರು ಸಾಮಾನ್ಯವಾಗಿ ತೆಗೆದಿಡುವುದು 2212 ಎಂಬ ಅಳತೆಯದ್ದು. ಒಳಗಿನ ತಂತಿ ಸುತ್ತಿದ ಭಾಗ 22 ಮಿಲಿಮೀಟರ್ ಅಗಲ, 12 ಮಿಲಿಮೀಟರ್ ಎತ್ತರ ಎಂಬುದಷ್ಟೇ ಆ ಸಂಖ್ಯೆಯ ಅರ್ಥ. ಪಕ್ಕದಲ್ಲಿ 1000 ಕೆವಿ ಎಂದಿದ್ದರೆ, ಹೊರೆ ಇಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಸುಮಾರು ಸಾವಿರ ಸುತ್ತು ತಿರುಗುತ್ತದೆ ಎಂದು ತಿಳಿಯಬೇಕು. ಎಷ್ಟು ಎತ್ತುತ್ತದೆ ಎಂದು ಕೇಳಿದರೆ ‘ಎಂಟುನೂರು, ಒಂಬೈನೂರು ಗ್ರಾಂ ಎತ್ತುತ್ತೆ ಸಾರ್’ ಎನ್ನುತ್ತಾರೆ. ಸುಳ್ಳಲ್ಲ. ಆದರೆ ಯಾವ ಪ್ರೊಪೆಲ್ಲರ್ ಹಾಕಿದಾಗ, ಎಷ್ಟು ವೋಲ್ಟಿನಲ್ಲಿ, ಮುಖ್ಯವಾಗಿ ಎಷ್ಟು ಕರೆಂಟು ತಿಂದು ಎತ್ತುತ್ತದೆ ಎಂಬುದು ಆ ಉತ್ತರದಲ್ಲಿಲ್ಲ. ಡ್ರೋನು ಹತ್ತು ನಿಮಿಷ ಹಾರುತ್ತದೋ ಹದಿಮೂರು ನಿಮಿಷವೋ ಎಂಬುದನ್ನು ತೀರ್ಮಾನಿಸುವುದು ಆ ಬಿಟ್ಟುಹೋದ ಭಾಗವೇ.

ಅದನ್ನು ಮನೆಯಲ್ಲೇ ಅಳೆಯಬಹುದು. ಬೇಕಾದದ್ದು ಒಂದು ಗಟ್ಟಿ ಕಂಬ, ಒಂದು ಲೋಡ್ ಸೆಲ್, ಅದರ ಸಣ್ಣ ಸಂಕೇತವನ್ನು ಓದುವ ಒಂದು ಬೋರ್ಡು, ವೋಲ್ಟ್ ಮತ್ತು ಆಂಪಿಯರ್ ತೋರಿಸುವ ಒಂದು ಮಾಪಕ. ಒಂದು ಪ್ರಶ್ನೆಯನ್ನೇ ಹಿಡಿದುಕೊಂಡು ಹೋಗೋಣ. ನಾಲ್ಕು ಮೋಟರಿನ, ಬ್ಯಾಟರಿ ಸೇರಿ 1.6 ಕಿಲೋ ತೂಗುವ ಒಂದು ಡ್ರೋನ್ ಇದೆ. ಗಾಳಿಯಲ್ಲಿ ಒಂದೆಡೆ ನಿಲ್ಲಲು ಪ್ರತಿ ಮೋಟರ್ 400 ಗ್ರಾಂ ನೂಕುಬಲ ಕೊಡಬೇಕು. ಅದೇ 2212 ಮೋಟರಿಗೆ ಎಂಟು ಇಂಚಿನ ಪ್ರೊಪೆಲ್ಲರ್ ಹಾಕಬೇಕೋ, ಹತ್ತು ಇಂಚಿನದೋ?

ಮೊದಲು ಲೋಡ್ ಸೆಲ್. ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯ ತಟ್ಟೆಯ ಕೆಳಗೆ ಇರುವುದೂ ಇದೇ: ಬೆರಳುದ್ದದ ಅಲ್ಯೂಮಿನಿಯಂ ಪಟ್ಟಿ, ನಡುವೆ ಒಂದಕ್ಕೊಂದು ಕೂಡಿಕೊಂಡ ಎರಡು ತೂತು. ತೂತಿನಿಂದಾಗಿ ಪಟ್ಟಿಯ ಮೇಲೂ ಕೆಳಗೂ ನಾಲ್ಕು ಕಡೆ ಲೋಹ ತೆಳ್ಳಗಾಗಿದೆ. ಒಂದು ತುದಿಯನ್ನು ಬಿಗಿದು ಇನ್ನೊಂದನ್ನು ಒತ್ತಿದರೆ ಬಾಗುವುದು ಆ ತೆಳುವಾದ ಜಾಗಗಳೇ. ಎರಡು ಕಡೆ ಲೋಹ ಹಿಗ್ಗುತ್ತದೆ, ಎರಡು ಕಡೆ ಕುಗ್ಗುತ್ತದೆ. ಅಲ್ಲಿ ಅಂಟಿಸಿರುವ ತೆಳು ಹಾಳೆಯಂಥ ತಂತಿಗಳೂ ಜೊತೆಗೇ ಹಿಗ್ಗಿ ಕುಗ್ಗಿ, ಅವುಗಳ ವಿದ್ಯುತ್ ಪ್ರತಿರೋಧ ಕೂದಲೆಳೆಯಷ್ಟು ಬದಲಾಗುತ್ತದೆ. ನಾಲ್ಕನ್ನೂ ವೀಟ್‌ಸ್ಟನ್ ಸೇತುವೆಯಾಗಿ ಜೋಡಿಸಿರುವುದರಿಂದ ಆ ಬದಲಾವಣೆಯೆಲ್ಲ ಒಂದು ಪುಟ್ಟ ವೋಲ್ಟೇಜಾಗಿ ಹೊರಬರುತ್ತದೆ.

ಎಷ್ಟು ಪುಟ್ಟದೆಂದರೆ, ಐದು ಕಿಲೋ ತಾಳುವ ಸಾಮಾನ್ಯ ಸೆಲ್ಲಿಗೆ ಐದು ವೋಲ್ಟ್ ಕೊಟ್ಟು ಪೂರಾ ಐದು ಕಿಲೋ ಹೇರಿದರೂ ಹೊರಬರುವುದು ಸುಮಾರು ಐದು ಮಿಲಿವೋಲ್ಟ್. ಅಂದರೆ ಗ್ರಾಮಿಗೆ ಒಂದು ಮೈಕ್ರೋವೋಲ್ಟ್. ಇದನ್ನು ಹಿಗ್ಗಿಸಿ ಅಂಕಿಯಾಗಿಸುವ ಕೆಲಸಕ್ಕೆ ಎಲ್ಲರೂ ಬಳಸುವುದು ಎಚ್‌ಎಕ್ಸ್ 711 ಎಂಬ ಚಿಪ್ಪಿರುವ ಅಗ್ಗದ ಬೋರ್ಡು. ಲೆಕ್ಕ ಹಾಕಿದರೆ ಅದು ಇಂಥ ಸೆಲ್ಲಿನ ಪ್ರತಿ ಗ್ರಾಮಿಗೆ ಸುಮಾರು 430 ಎಣಿಕೆ ಕೊಡುತ್ತದೆ. ಗ್ರಾಮಿನ ನಾನೂರನೇ ಒಂದು ಭಾಗ ಗೊತ್ತಾಗುತ್ತದೆ ಎಂದು ಹಿಗ್ಗಬೇಕಾಗಿಲ್ಲ. ಕೊನೆಯ ಅಂಕಿಗಳು ಬರೀ ಗದ್ದಲ. ಮೋಟರ್ ತಿರುಗತೊಡಗಿದ ಮೇಲೆ ಒಂದೆರಡು ಗ್ರಾಮಿನ ನಿಖರತೆ ಸಿಕ್ಕರೆ ಅದೇ ಒಳ್ಳೆಯ ಫಲ. ನಮ್ಮ ಕೆಲಸಕ್ಕೆ ಅಷ್ಟು ಸಾಕು.

ನೂಕುಬಲ ಒಂದು ಕಿಲೋ ಕೂಡ ಇಲ್ಲದಿರುವಾಗ ಐದು ಕಿಲೋದ ಸೆಲ್ ಯಾಕೆ ಎಂದು ಕೇಳಬಹುದು. ಮೋಟರಿನ ತೂಕ, ನಡುಕ, ಒಮ್ಮೆಲೇ ವೇಗ ಏರಿಸಿದಾಗ ಬೀಳುವ ಏಟು, ಕೈತಪ್ಪಿ ಬೀಳುವ ಸ್ಕ್ರೂಡ್ರೈವರ್ ಎಲ್ಲವನ್ನೂ ಅದು ತಾಳಬೇಕು. ಒಂದು ಸಲ ಮಿತಿ ಮೀರಿ ಬಾಗಿದ ಸೆಲ್ ಮತ್ತೆ ಸೊನ್ನೆಗೆ ಬರುವುದಿಲ್ಲ. ಹಾಗೆಂದು ಇಪ್ಪತ್ತು ಕಿಲೋದ್ದು ಕೊಂಡರೆ ಪ್ರತಿ ಗ್ರಾಮಿನ ಸಂಕೇತ ಕಾಲುಭಾಗಕ್ಕಿಳಿಯುತ್ತದೆ.

ಈಗ ಜೋಡಣೆ. ಮೋಟರನ್ನು ಅಡ್ಡಲಾಗಿ ನಿಲ್ಲಿಸುವವರಿದ್ದಾರೆ, ಇಂಗ್ಲಿಷಿನ ‘ಎಲ್’ ಆಕಾರದ ಸನ್ನೆಗೋಲು ಮಾಡಿ ಅಡುಗೆಮನೆಯ ತಕ್ಕಡಿಯ ಮೇಲೆ ಒತ್ತಿಸುವವರೂ ಇದ್ದಾರೆ. ಎರಡೂ ನಡೆಯುತ್ತವೆ. ನನಗೆ ಮೆಚ್ಚುಗೆಯಾದದ್ದು ಇವೆರಡಕ್ಕಿಂತ ಸರಳವಾದದ್ದು: ಸೆಲ್ಲಿನ ಒಂದು ತುದಿಯನ್ನು ಮೇಜಿನಿಂದ ಅರ್ಧ ಮೀಟರಿಗೂ ಎತ್ತರದ ಕಂಬಕ್ಕೆ ಅಡ್ಡಲಾಗಿ ಬಿಗಿದು, ಇನ್ನೊಂದು ತುದಿಯ ಮೇಲೆ ಮೋಟರನ್ನು ಆಕಾಶ ನೋಡುವಂತೆ ಕೂರಿಸುವುದು, ಪ್ರೊಪೆಲ್ಲರ್ ಮಾತ್ರ ಗಾಳಿಯನ್ನು ಮೇಲಕ್ಕೆ ಊದಬೇಕು. ಆಗ ನೂಕುಬಲ ಕೆಳಮುಖವಾಗಿ ಸೆಲ್ಲನ್ನು ಒತ್ತುತ್ತದೆ.

ಇದರಲ್ಲಿ ಎರಡು ಲಾಭವಿದೆ. ಪ್ರೊಪೆಲ್ಲರಿನಿಂದ ರಭಸವಾಗಿ ಹೊರಡುವ ಗಾಳಿ ಕಂಬಕ್ಕಾಗಲಿ ಸೆಲ್ಲಿಗಾಗಲಿ ಬಡಿಯುವುದಿಲ್ಲ. ಬಡಿದರೆ ಆ ಹೊಡೆತ ನೂಕುಬಲದ ಎದುರು ದಿಕ್ಕಿನಲ್ಲಿ ಕೆಲಸ ಮಾಡಿ, ಅಳತೆ ಕಡಿಮೆ ತೋರುತ್ತದೆ. ದೊಡ್ಡ ಪ್ರೊಪೆಲ್ಲರಿಗೂ ಚಿಕ್ಕದಕ್ಕೂ ಈ ನಷ್ಟ ಒಂದೇ ಪ್ರಮಾಣದಲ್ಲಿರುವುದಿಲ್ಲವಾದ್ದರಿಂದ ಹೋಲಿಕೆಯೇ ಕೆಡುತ್ತದೆ. ಒಳಬರುವ ಗಾಳಿಯೂ ಕಂಬವನ್ನು ಸವರಿಕೊಂಡೇ ಬರುತ್ತದೆ ನಿಜ, ಆದರೆ ಅದರ ವೇಗ ಕಡಿಮೆ, ಪೆಟ್ಟೂ ಕಡಿಮೆ. ಇನ್ನೊಂದು ಲಾಭವನ್ನು ತೂಕದ ಬಟ್ಟು ಕೈಗೆತ್ತಿಕೊಂಡಾಗ ನೋಡೋಣ.

ಪ್ರೊಪೆಲ್ಲರನ್ನು ಮೇಲಕ್ಕೆ ಊದಿಸಲು ಅದನ್ನು ಮಗುಚಿ ಹಾಕಬೇಕು, ಜೊತೆಗೆ ಮೋಟರಿನ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿ ಉಲ್ಟಾ ತಿರುಗಿಸಬೇಕು. ಮಗುಚದೆ ಬರೀ ಉಲ್ಟಾ ತಿರುಗಿಸಿದರೂ ಗಾಳಿ ಮೇಲಕ್ಕೆ ಹೋಗುತ್ತದೆ. ಆದರೆ ಆಗ ರೆಕ್ಕೆಯ ಹಿಂಬದಿಯ ಅಂಚು ಗಾಳಿಯನ್ನು ಸೀಳುತ್ತಿರುತ್ತದೆ, ಅಳತೆಗೆ ಅರ್ಥವಿರುವುದಿಲ್ಲ. ಅಚ್ಚೊತ್ತಿದ ಅಕ್ಷರಗಳಿರುವ ಮುಖ ಮೋಟರಿನ ಕಡೆಗಿದೆಯೇ ಎಂದು ನೋಡಿಕೊಂಡರೆ ಸಾಮಾನ್ಯವಾಗಿ ಸರಿಯಾಗಿರುತ್ತದೆ. ಉಲ್ಟಾ ತಿರುಗುವಾಗ ಮಾಮೂಲಿ ನಟ್ಟು ಸಡಿಲವಾಗುವ ಅಪಾಯವಿರುವುದರಿಂದ ಒಳಗೆ ನೈಲಾನ್ ಉಂಗುರವಿರುವ ನಟ್ಟು ಹಾಕಬೇಕು.

ಅಪಾಯದ ಮಾತು ಬಂದದ್ದರಿಂದ ಒಂದು ಅಂಕಿ: ಹತ್ತು ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 7000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 330 ಕಿಲೋಮೀಟರಿಗೂ ಹೆಚ್ಚು. ಮುರಿದ ತುಂಡು ಹಾರುವುದು ರೆಕ್ಕೆ ತಿರುಗುವ ಮಟ್ಟದಲ್ಲೇ, ಪಕ್ಕಕ್ಕೆ. ಆದ್ದರಿಂದ ಆ ಮಟ್ಟದಲ್ಲಿ ಯಾರ ಮುಖವೂ ಇರಬಾರದು. ನಿಯಂತ್ರಣವನ್ನು ಎರಡು ಮೂರು ಮೀಟರ್ ದೂರಕ್ಕೆ ಒಯ್ದು, ನಡುವೆ ದಪ್ಪ ಪಾಲಿಕಾರ್ಬೊನೇಟ್ ಹಾಳೆ ನಿಲ್ಲಿಸಿಕೊಳ್ಳಬೇಕು. ತಂತಿ ಜೋಡಿಸುವಾಗ, ಪ್ರೋಗ್ರಾಂ ತಿದ್ದುವಾಗ ಪ್ರೊಪೆಲ್ಲರ್ ಮೋಟರಿನ ಮೇಲೆ ಇರಲೇಕೂಡದು.

ಸೆಲ್ ಬಿಗಿಯುವಾಗ ಎರಡೂ ತುದಿಗೆ ವಾಷರ್ ಕೊಟ್ಟು ನಡುಭಾಗ ಎಲ್ಲಿಯೂ ತಾಗದಂತೆ ಎತ್ತಬೇಕು. ತುದಿಯಲ್ಲಿ ಅಂಟಿಸಿದ ಬಾಣದ ಗುರುತು ಬಲದ ದಿಕ್ಕನ್ನು, ಅಂದರೆ ಕೆಳಗನ್ನು ತೋರಿಸಬೇಕು. ಮೋಟರಿನಿಂದ ಬರುವ ಮೂರು ದಪ್ಪ ತಂತಿಗಳನ್ನು ಮರೆಯುವಂತಿಲ್ಲ. ಅವು ಅಲುಗಾಡುವ ತುದಿಯಿಂದ ಅಲುಗಾಡದ ಕಂಬಕ್ಕೆ ಹೋಗುತ್ತವೆ. ಬಿಗಿಯಾಗಿದ್ದರೆ ಸ್ಪ್ರಿಂಗಿನಂತೆ ಒಂದಿಷ್ಟು ಬಲವನ್ನು ತಾವೇ ಹೊರುತ್ತವೆ. ಸಡಿಲವಾದ ಒಂದು ಸುರುಳಿ ಬಿಟ್ಟು, ಆಮೇಲೆ ಅವನ್ನು ಮುಟ್ಟಬಾರದು.

ಇನ್ನು ತೂಕದ ಬಟ್ಟು. ನೂಕುಬಲ ಕೆಳಮುಖವಾಗಿರುವುದರಿಂದ, ಪ್ರೊಪೆಲ್ಲರ್ ತೆಗೆದು ಮೋಟರಿನ ನೆತ್ತಿಯ ಮೇಲೆ ನೇರವಾಗಿ ತೂಕ ಇಟ್ಟರೆ ಸಾಕು, ಹೊಂದಾಣಿಕೆ ಆಯಿತು. ಅಡ್ಡ ಜೋಡಣೆಯಲ್ಲಾದರೆ ದಾರ, ರಾಟೆ, ರಾಟೆಯ ಘರ್ಷಣೆ ಎಲ್ಲವೂ ಬಂದು ಸೇರುತ್ತಿದ್ದವು. ಕಿರಾಣಿ ಅಂಗಡಿಯ ಸರ್ಕಾರಿ ಮುದ್ರೆ ಬಿದ್ದ ತೂಕದ ಬಟ್ಟುಗಳು ಈ ಕೆಲಸಕ್ಕೆ ಬೇಕಾದಷ್ಟು ನಿಖರ. ಏನೂ ಇಡದಾಗಿನ ಎಣಿಕೆ ಬರೆದುಕೊಂಡು, 100, 200, 500 ಗ್ರಾಂ, ಒಂದು ಕಿಲೋ ಎಂದು ಏರುತ್ತಾ ಹೋಗಿ, ಅದೇ ಕ್ರಮದಲ್ಲಿ ಇಳಿಸುತ್ತಾ ಬರಬೇಕು. ಒಂದು ಕಿಲೋ ಇಟ್ಟಾಗ ಎಣಿಕೆ 4,28,000 ಹೆಚ್ಚಿತೆನ್ನಿ, ಗ್ರಾಮಿಗೆ 428 ಎಂದಾಯಿತು. ಉಳಿದ ತೂಕಗಳಲ್ಲೂ ಅದೇ ಭಾಗಲಬ್ಧ ಬರಬೇಕು. ಬಾರದಿದ್ದರೆ ಸೆಲ್ ಎಲ್ಲೋ ತಾಗುತ್ತಿದೆ. ಏರುವಾಗಿನ ಅಂಕಿಗೂ ಇಳಿಯುವಾಗಿನ ಅಂಕಿಗೂ ಎರಡು ಮೂರು ಗ್ರಾಮಿಗಿಂತ ಹೆಚ್ಚು ಅಂತರವಿದ್ದರೆ ಬೋಲ್ಟು ಜಾರುತ್ತಿದೆ, ಇಲ್ಲವೇ ಆ ತಂತಿಗಳು ಎಳೆಯುತ್ತಿವೆ.

ಅರ್ಧ ಉತ್ತರ ಸಿಕ್ಕಿತು. ಉಳಿದರ್ಧ ವಿದ್ಯುತ್ತಿನದು, ಜನ ಎಡವುವುದೂ ಅಲ್ಲೇ. ವ್ಯಾಟ್ ಎಂದರೆ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದ್ದು. ವೋಲ್ಟನ್ನು ಎಲ್ಲಿ ಅಳೆಯುತ್ತೀರಿ ಎಂಬುದು ಪ್ರಶ್ನೆ. ಬ್ಯಾಟರಿಯ ಬುಡದಲ್ಲಿ ಅಳೆದರೆ ನಡುವಿನ ತಂತಿ ಮತ್ತು ಕನೆಕ್ಟರುಗಳಲ್ಲಿ ಸೋರಿಹೋಗುವ ಶಕ್ತಿಯ ಲೆಕ್ಕವೂ ಪ್ರೊಪೆಲ್ಲರಿನ ತಲೆಗೆ ಬೀಳುತ್ತದೆ. ಆ ದಾರಿಯ ಪ್ರತಿರೋಧ 20 ಮಿಲಿಓಮ್ ಇದ್ದರೆ 15 ಆಂಪಿಯರಿನಲ್ಲಿ 0.3 ವೋಲ್ಟ್ ಅಲ್ಲೇ ಮಾಯ. ಮೋಟರಿನ ವೇಗ ನಿಯಂತ್ರಿಸುವ ಇಎಸ್‌ಸಿಯ ಬಾಯಲ್ಲೇ ವೋಲ್ಟ್ ಹಿಡಿಯಬೇಕು.

ಆಂಪಿಯರಿಗೆ ನಾನು ಸೂಚಿಸುವುದು ಷಂಟ್: ಕರೆಂಟು ಹಾದುಹೋಗುವಾಗ ಅದಕ್ಕೆ ತಕ್ಕಷ್ಟು ಚೂರು ವೋಲ್ಟೇಜ್ ತೋರುವ ಲೋಹದ ತುಂಡು. 50 ಆಂಪಿಯರಿಗೆ 75 ಮಿಲಿವೋಲ್ಟ್ ಕೊಡುವ ಷಂಟ್ ಸುಲಭವಾಗಿ ಸಿಗುತ್ತದೆ, ಅದನ್ನು ಓದಲು ಐಎನ್‌ಎ 226 ಎಂಬ ಚಿಪ್ಪು ಚೆನ್ನಾಗಿ ಹೊಂದುತ್ತದೆ. ಆ ಚಿಪ್ಪಿನ ಬೋರ್ಡಿನಲ್ಲಿ ಮೊದಲೇ ಕೂತಿರುವ ಸಣ್ಣ ಪ್ರತಿರೋಧಕ ಬಹುಮಟ್ಟಿಗೆ ಒಂದು ಆಂಪಿಯರನ್ನೂ ಅಳೆಯಲಾರದು. ಅದನ್ನು ಕಿತ್ತು ಹೊರಗಿನ ಷಂಟಿಗೆ ತಂತಿ ಎಳೆಯಬೇಕು. ಇಷ್ಟೆಲ್ಲ ಬೇಡವೆನ್ನುವವರಿಗೆ ಬ್ಯಾಟರಿ ಮತ್ತು ಇಎಸ್‌ಸಿಯ ನಡುವೆ ಸಿಕ್ಕಿಸುವ ಸಿದ್ಧ ವಾಟ್‌ಮೀಟರ್ ಇದೆ, ಒಳ್ಳೆಯ ಮಲ್ಟಿಮೀಟರಿನ ಜೊತೆ ಒಮ್ಮೆ ಹೋಲಿಸಿ ನೋಡಿದರೆ ಆಯಿತು.

ಒಂದು ಮೋಸ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಹತ್ತಾರು ಆಂಪಿಯರ್ ಹರಿಯುವ ತಂತಿಯ ಪಕ್ಕದಲ್ಲೇ ಮೈಕ್ರೋವೋಲ್ಟಿನ ತಂತಿಯೂ ಇದೆ. ಜೊತೆಗೆ ಬೋರ್ಡಿನಿಂದ ಇಎಸ್‌ಸಿಗೆ ಹೋಗುವ ಸಂಕೇತದ ತಂತಿಯಲ್ಲಿ ಒಂದು ನೆಗೆಟಿವ್ ಎಳೆಯೂ ಇರುವುದರಿಂದ, ಮೋಟರಿನ ಕರೆಂಟಿನ ಒಂದು ಪಾಲು ಆ ದಾರಿಯಲ್ಲೂ ಮರಳಿ ಲೋಡ್ ಸೆಲ್ಲಿನ ಓದುವಿಕೆಯನ್ನು ಕದಲಿಸಬಹುದು. ಪತ್ತೆ ಹಚ್ಚುವುದು ಹೀಗೆ: ಮೋಟರನ್ನು ಸೆಲ್ಲಿನಿಂದ ಬಿಚ್ಚಿ ಪಕ್ಕದ ಬೇರೊಂದು ಗಟ್ಟಿ ಆಧಾರಕ್ಕೆ ಬಿಗಿಯಿರಿ, ಸೆಲ್ಲಿನ ಮೇಲೆ 500 ಗ್ರಾಂ ಬಟ್ಟು ಇಡಿ, ಗಾಳಿ ಸೆಲ್ಲಿಗೆ ತಾಗದಂತೆ ಮೋಟರ್ ಓಡಿಸಿ. ಪರದೆಯ ಮೇಲೆ 500 ಅಲ್ಲಾಡದೆ ನಿಲ್ಲಬೇಕು. 512ಕ್ಕೋ 490ಕ್ಕೋ ಸರಿದರೆ ಅದು ನೂಕುಬಲವಲ್ಲ, ತಂತಿಯ ಕಿತಾಪತಿ. ಅಳೆಯುವ ಬೋರ್ಡಿಗೆ ಬೇರೆ ವಿದ್ಯುತ್ ಮೂಲ ಕೊಟ್ಟು, ಸೆಲ್ಲಿನ ತಂತಿಗಳನ್ನು ಹೊಸೆದು ದೂರ ಒಯ್ದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಓಡಿಸುವ ಕ್ರಮಕ್ಕೆ ಬರೋಣ. ವೇಗವನ್ನು ಒಂದು ಮಟ್ಟಕ್ಕೆ ಏರಿಸಿ, ಐದು ಸೆಕೆಂಡು ಸುಧಾರಿಸಿಕೊಳ್ಳಲು ಬಿಟ್ಟು, ಮುಂದಿನ ಐದು ಸೆಕೆಂಡಿನ ಸರಾಸರಿ ತೆಗೆಯಬೇಕು. ಗ್ರಾಂ, ವೋಲ್ಟ್, ಆಂಪಿಯರ್ ಮೂರನ್ನೂ ಒಟ್ಟಿಗೇ ಬರೆದುಕೊಳ್ಳಬೇಕು. ಒಂದು ನಿರ್ದಿಷ್ಟ ವೇಗದಲ್ಲಿ ಅಂಕಿಗಳು ಹುಚ್ಚೆದ್ದು ಕುಣಿದು, ಸ್ವಲ್ಪ ಮೇಲೆ ಹೋದೊಡನೆ ಶಾಂತವಾದರೆ ಆ ವೇಗ ಸೆಲ್ಲಿನ ಸ್ವಂತ ತೂಗಾಟಕ್ಕೆ ತಾಳ ಹಾಕುತ್ತಿದೆ ಎಂದರ್ಥ; ಆ ಬಿಂದುವನ್ನು ಬಿಟ್ಟುಬಿಡುವುದೇ ಲೇಸು. ಪ್ರತಿ ಓಟದ ಕೊನೆಗೆ ಮೋಟರ್ ನಿಲ್ಲಿಸಿ ಸೊನ್ನೆ ನೋಡಬೇಕು. ಸೊನ್ನೆ ಮೂರು ಗ್ರಾಮಿಗಿಂತ ಹೆಚ್ಚು ಸರಿದಿದ್ದರೆ ಆ ಓಟವನ್ನೇ ತಳ್ಳಿಹಾಕಬೇಕು; ಬಿಸಿಯಾದ ಮೋಟರಿನಿಂದ ಸೆಲ್ಲಿಗೆ ಶಾಖ ಇಳಿದಾಗ ಹೀಗಾಗುತ್ತದೆ. ನಡುವೆ ಒಂದು ಪ್ಲೈವುಡ್ ಬಿಲ್ಲೆ ಇದ್ದರೆ ಎಷ್ಟೋ ವಾಸಿ. ಚಿಕ್ಕ ಕೋಣೆಯಲ್ಲಿ ಇನ್ನೊಂದು ತೊಂದರೆ: ಊದಿದ ಗಾಳಿ ಛಾವಣಿಗೆ ಬಡಿದು ಸುತ್ತಿ ಬಂದು ಮತ್ತೆ ಪ್ರೊಪೆಲ್ಲರಿನ ಬಾಯಿಗೇ ಬೀಳುತ್ತದೆ. ವೇಗ ಬದಲಿಸದಿದ್ದರೂ ನೂಕುಬಲ ನಿಧಾನವಾಗಿ ಇಳಿಯುತ್ತಾ ಹೋದರೆ, ಬ್ಯಾಟರಿಯ ವೋಲ್ಟ್ ಕೂಡ ಅಷ್ಟೇ ಇಳಿದಿಲ್ಲವಾದರೆ, ಕಾರಣ ಇದೇ. ಗಾಳಿ ಬೀಸದ ಬೆಳಗಿನ ಹೊತ್ತಲ್ಲಿ ಶೆಡ್ಡಿನ ದೊಡ್ಡ ಬಾಗಿಲು ತೆರೆದು ಅಳೆಯುವುದು ಒಳ್ಳೆಯದು.

ಈಗ ನಮ್ಮ ಎಂಟು ಮತ್ತು ಹತ್ತು ಇಂಚು. ಮೂರು ಸೆಲ್ಲಿನ ಲಿಪೊ ಬ್ಯಾಟರಿಯಲ್ಲಿ ಓಡಿಸಿದಾಗ ಇಂಥ ಗಾತ್ರದ ಮೋಟರಿಗೆ ಸಹಜವಾಗಿ ಬರಬಹುದಾದ ಅಂಕಿಗಳನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಬಹಳ ಜನ ಮಾಡುವಂತೆ ಮೊದಲು ಪೂರ್ತಿ ವೇಗಕ್ಕೆ ಏರಿಸಿ ನೋಡೋಣ. ಹತ್ತು ಇಂಚಿನದು 850 ಗ್ರಾಂ ನೂಕಿತು, 10.9 ವೋಲ್ಟಿನಲ್ಲಿ 15.6 ಆಂಪಿಯರ್, ಅಂದರೆ 170 ವ್ಯಾಟ್. ವ್ಯಾಟಿಗೆ 5 ಗ್ರಾಂ. ಎಂಟು ಇಂಚಿನದು 600 ಗ್ರಾಂ ನೂಕಿತು, 11.2 ವೋಲ್ಟಿನಲ್ಲಿ 10 ಆಂಪಿಯರ್, 112 ವ್ಯಾಟ್. ವ್ಯಾಟಿಗೆ ಸುಮಾರು 5.4 ಗ್ರಾಂ. ಇಷ್ಟಕ್ಕೇ ನಿಲ್ಲಿಸಿದವರು ಎಂಟು ಇಂಚಿನದೇ ಮಿತವ್ಯಯಿ ಎಂದು ಹೇಳಿ ಎದ್ದುಬಿಡುತ್ತಾರೆ.

ಆದರೆ ಡ್ರೋನು ಪೂರ್ತಿ ವೇಗದಲ್ಲಿ ನಿಂತಿರುವುದಿಲ್ಲ. ಅದಕ್ಕೆ ಬೇಕಾದದ್ದು 400 ಗ್ರಾಂ. ವೇಗದ ಹಲವು ಮಟ್ಟಗಳಲ್ಲಿ ಬರೆದುಕೊಂಡ ಅಂಕಿಗಳನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಿ ಗೆರೆ ಎಳೆದು, 400ರ ನೇರಕ್ಕೆ ಓದಬೇಕು. ಅಲ್ಲಿ ಹತ್ತು ಇಂಚಿನದು 11.4 ವೋಲ್ಟಿನಲ್ಲಿ 4.3 ಆಂಪಿಯರ್ ಎಳೆಯುತ್ತಿದೆ: 49 ವ್ಯಾಟ್, ವ್ಯಾಟಿಗೆ 8.2 ಗ್ರಾಂ. ಎಂಟು ಇಂಚಿನದು ಅದೇ ವೋಲ್ಟಿಗೆ 5.5 ಆಂಪಿಯರ್: 63 ವ್ಯಾಟಿನಷ್ಟು, ವ್ಯಾಟಿಗೆ 6.4 ಗ್ರಾಂ. ತೀರ್ಪು ತಿರುಗಿತು. ನಾಲ್ಕು ಮೋಟರಿಗೆ ಲೆಕ್ಕ ಹಾಕಿದರೆ 196 ವ್ಯಾಟ್ ಒಂದು ಕಡೆ, 251 ವ್ಯಾಟ್ ಇನ್ನೊಂದು ಕಡೆ. 11.1 ವೋಲ್ಟಿನ 5000 ಎಂಎಎಚ್ ಬ್ಯಾಟರಿಯ ನೂರಕ್ಕೆ ಎಂಬತ್ತು ಭಾಗ ಬಳಸಿದರೆ ಒಂದರಲ್ಲಿ ಸುಮಾರು ಹದಿಮೂರೂವರೆ ನಿಮಿಷ, ಇನ್ನೊಂದರಲ್ಲಿ ಹತ್ತೂವರೆ.

ಹೀಗೇಕೆ ಆಗುತ್ತದೆ ಎಂಬುದಕ್ಕೆ ಒಂದು ಪುಟ್ಟ ಸೂತ್ರವಿದೆ. ನಷ್ಟವೇ ಇಲ್ಲದ ಆದರ್ಶ ಪ್ರೊಪೆಲ್ಲರಿಗೂ ಕನಿಷ್ಠ ಇಷ್ಟು ಶಕ್ತಿ ಬೇಕೇ ಬೇಕು:

P = T^1.5 / √(2ρA)

T ನ್ಯೂಟನ್ನಿನಲ್ಲಿ ನೂಕುಬಲ, ρ ಗಾಳಿಯ ಸಾಂದ್ರತೆ, A ರೆಕ್ಕೆ ತಿರುಗುವ ವೃತ್ತದ ವಿಸ್ತೀರ್ಣ. ಎರಡು ಸಂಗತಿ ಇದರಲ್ಲಿವೆ. ವೃತ್ತ ದೊಡ್ಡದಾದಷ್ಟೂ ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳಿ ಅಷ್ಟೇ ಬಲ ಪಡೆಯಬಹುದು, ಶಕ್ತಿ ಉಳಿಯುತ್ತದೆ. ಒಂದೇ ನೂಕುಬಲಕ್ಕೆ ಎಂಟು ಇಂಚಿನದಕ್ಕೆ ಹತ್ತರದಕ್ಕಿಂತ ಕಾಲುಭಾಗ ಹೆಚ್ಚು ಶಕ್ತಿ ಬೇಕು. ಎರಡನೆಯದು, ನೂಕುಬಲ ಏರಿದಂತೆ ಶಕ್ತಿ ಅದಕ್ಕಿಂತ ವೇಗವಾಗಿ ಏರುತ್ತದೆ. ಆದ್ದರಿಂದ ಯಾವ ಪ್ರೊಪೆಲ್ಲರೇ ಆಗಲಿ, ಹೆಚ್ಚು ನೂಕಿದಷ್ಟೂ ವ್ಯಾಟಿಗೆ ಸಿಗುವ ಗ್ರಾಂ ಕಡಿಮೆಯಾಗುತ್ತಲೇ ಹೋಗಬೇಕು. ಪೂರ್ತಿ ವೇಗದಲ್ಲಿ ನಾವು 850 ಗ್ರಾಮನ್ನು 600ರ ಜೊತೆ ಹೋಲಿಸುತ್ತಿದ್ದೆವು. ಅದು ಪ್ರೊಪೆಲ್ಲರುಗಳ ಹೋಲಿಕೆಯೇ ಆಗಿರಲಿಲ್ಲ. ಜೊತೆಗೆ ಅಲ್ಲಿ ಹತ್ತು ಇಂಚಿನ ರೆಕ್ಕೆಯ ಭಾರಕ್ಕೆ ಮೋಟರ್ ತಿಣುಕಿ ಬಿಸಿಯಾಗಿ, ತಿಂದದ್ದರಲ್ಲಿ ಒಂದು ಪಾಲನ್ನು ಶಾಖವಾಗಿ ಕಳೆಯುತ್ತಿತ್ತು. ವ್ಯಾಟಿಗೆ ಇಷ್ಟು ಗ್ರಾಂ ಎಂದು ಯಾರೇ ಹೇಳಲಿ, ಎಷ್ಟು ಗ್ರಾಂ ನೂಕುವಾಗ ಎಂದು ಕೇಳದೆ ಆ ಅಂಕಿಯನ್ನು ಬರೆದುಕೊಳ್ಳಬಾರದು.

ಸೂತ್ರದಿಂದ ಇನ್ನೊಂದು ಉಪಯೋಗವೂ ಇದೆ. ಬೆಂಗಳೂರಿನ ಗಾಳಿಯಲ್ಲಿ 400 ಗ್ರಾಮಿಗೆ ಹತ್ತು ಇಂಚಿನ ಆದರ್ಶ ಪ್ರೊಪೆಲ್ಲರಿಗೆ ಬೇಕಾದದ್ದು 24 ವ್ಯಾಟಿನಷ್ಟು. ನಾವು ಅಳೆದದ್ದು 49. ಅಂದರೆ ಮೋಟರ್, ಇಎಸ್‌ಸಿ, ರೆಕ್ಕೆ ಮೂರೂ ಸೇರಿ ಅರ್ಧದಷ್ಟು ದಕ್ಷತೆ. ಇಂಥ ಅಗ್ಗದ ಸಾಮಾನಿಗೆ ಸಹಜ. ನಿಮ್ಮ ಸ್ಟ್ಯಾಂಡಿನಲ್ಲಿ 26 ವ್ಯಾಟ್ ಎಂದು ಬಂದರೆ ಸಂತೋಷಪಡುವ ಮೊದಲು ಷಂಟನ್ನು ಪರೀಕ್ಷಿಸಿ. ಆ ನಷ್ಟದಲ್ಲಿ ಮೋಟರಿನ ಪಾಲೆಷ್ಟು, ರೆಕ್ಕೆಯ ಪಾಲೆಷ್ಟು ಎಂದು ಒಂದು ಲೋಡ್ ಸೆಲ್ಲಿನಿಂದ ಹೇಳಲಾಗದು. ಅದಕ್ಕೆ ಮೋಟರ್ ತಿರುಚುವ ಬಲವನ್ನು ಅಳೆಯುವ ಇನ್ನೊಂದು ಸೆಲ್ಲೂ, ಸುತ್ತುಗಳನ್ನು ಎಣಿಸುವ ಸೆನ್ಸರೂ ಬೇಕು.

ಎಷ್ಟು ಸಣ್ಣ ವ್ಯತ್ಯಾಸವನ್ನು ನಂಬಬಹುದು? ನೂಕುಬಲದಲ್ಲಿ ಶೇಕಡಾ ಒಂದು, ಕರೆಂಟಿನಲ್ಲಿ ಎರಡು, ವೋಲ್ಟಿನಲ್ಲಿ ಅರ್ಧ ಎಂದು ತಪ್ಪನ್ನು ಹಿಡಿದರೆ, ಒಟ್ಟು ಎರಡರಿಂದ ಮೂರು ಶೇಕಡಾ. 8.2 ಮತ್ತು 6.4ರ ನಡುವೆ ಅನುಮಾನವೇ ಇಲ್ಲ. ಆದರೆ ಎರಡು ಕಂಪನಿಗಳ ಹತ್ತು ಇಂಚಿನ ಪ್ರೊಪೆಲ್ಲರುಗಳು 8.2 ಮತ್ತು 8.0 ಕೊಟ್ಟರೆ ಅವೆರಡೂ ಒಂದೇ ಎಂದುಕೊಳ್ಳಬೇಕು. ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು ಎಂಬ ಕ್ರಮದಲ್ಲಿ ಓಡಿಸಿದರೆ, ನಡುವೆ ಬ್ಯಾಟರಿಯೋ ಸೆಲ್ಲೋ ಸರಿದದ್ದೂ ಗೊತ್ತಾಗುತ್ತದೆ.

ಈ ಇಡೀ ಏರ್ಪಾಡು ನಿಂತ ಗಾಳಿಯದು. ನಾಲ್ಕು ರೆಕ್ಕೆಯ ಡ್ರೋನು ಒಂದೆಡೆ ತೇಲಿ ನಿಲ್ಲುವುದಕ್ಕೆ ಅದರ ಅಂಕಿ ಸರಿಹೊಂದುತ್ತದೆ, ಮುಂದಕ್ಕೆ ಧಾವಿಸುವ ಆಟಿಕೆ ವಿಮಾನಕ್ಕೆ ಅಲ್ಲ. ಕಡಿದಾಗಿ ತಿರುಚಿದ ರೆಕ್ಕೆ ಸ್ಟ್ಯಾಂಡಿನ ಮೇಲೆ ಗಾಳಿಯನ್ನು ಹಿಡಿಯಲಾರದೆ ಬರೀ ಕಲಕುತ್ತಿರುತ್ತದೆ. ಎದುರುಗಾಳಿ ಸಿಕ್ಕಾಗ ಅದೇ ಎಲ್ಲರಿಗಿಂತ ಮೇಲಾಗಬಹುದು. ಅಂಥದ್ದನ್ನು ಅಳೆಯಲು ಗಾಳಿ ಸುರಂಗವೇ ಬೇಕು. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಸಣ್ಣ ಪ್ರೊಪೆಲ್ಲರುಗಳನ್ನು ಹಾಗೆ ಅಳೆದು ಅಂಕಿಅಂಶಗಳನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅವರ ಪಟ್ಟಿಯಲ್ಲಿರುವ ಒಂದು ಪ್ರೊಪೆಲ್ಲರ್ ಕೊಂಡು, ಸುತ್ತುಗಳನ್ನೂ ಎಣಿಸಿ, ನಿಂತ ಗಾಳಿಯ ಅವರ ಅಂಕಿಯ ಜೊತೆ ನಿಮ್ಮದನ್ನು ಹೋಲಿಸಿದರೆ ಸ್ಟ್ಯಾಂಡಿನ ಯೋಗ್ಯತೆ ತಿಳಿಯುತ್ತದೆ.

ಹೋಲಿಸುವಾಗ ಗಾಳಿಯ ಸಾಂದ್ರತೆಯನ್ನು ಸೇರಿಸಿಕೊಳ್ಳಬೇಕು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಬೇಸಗೆಯ ಒಂದು ದಿನ ಇಲ್ಲಿ ಒಂದು ಘನಮೀಟರ್ ಗಾಳಿ ತೂಗುವುದು 1.05 ಕಿಲೋದಷ್ಟು, ಅದೇ ಮಂಗಳೂರಿನಲ್ಲಿ 1.16. ಒಂದೇ ವೇಗದಲ್ಲಿ ತಿರುಗಿಸಿದರೆ ಮಂಗಳೂರಿನಲ್ಲಿ ನೂಕುಬಲ ಸುಮಾರು ಶೇಕಡಾ ಹತ್ತು ಹೆಚ್ಚು. 400 ಗ್ರಾಮಿಗೆ ಬೇಕಾದ ಶಕ್ತಿಯೂ 49ರಿಂದ 47 ವ್ಯಾಟಿನ ಹತ್ತಿರಕ್ಕೆ ಇಳಿಯುತ್ತದೆ. ಹಾಗಾಗಿ ಪುಸ್ತಕದಲ್ಲಿ ಪ್ರತಿ ಓಟದ ಅಂಕಿಗಳ ಪಕ್ಕದಲ್ಲಿ ಆ ಹೊತ್ತಿನ ಉಷ್ಣಾಂಶವನ್ನೂ ಗಾಳಿಯ ಒತ್ತಡವನ್ನೂ ಬರೆದಿಡಬೇಕು. ಒತ್ತಡಕ್ಕೆ ಬೇರೆ ಉಪಕರಣ ಬೇಕಿಲ್ಲ. ಹಲವು ಮೊಬೈಲುಗಳಲ್ಲಿ ಅದನ್ನು ಅಳೆಯುವ ಸೆನ್ಸರ್ ಇರುತ್ತದೆ.